ವರ್ಕರ್ ಎಷ್ಟು ಅಂತ ಹೇಳಬೇಕಾದ್ದು ಲ್ಯಾಪ್‌ಟಾಪ್ ಅಲ್ಲ, ಡೇಟಾಬೇಸ್

ಮಿನಿ ಪ್ರಾಜೆಕ್ಟ್ ಸೀಸನ್ ಶುರುವಾದ್ರೆ ನಮ್ಮ ಲ್ಯಾಬ್‌ಗಳಲ್ಲಿ ಒಂದು ಮಾತು ಪದೇ ಪದೇ ಕೇಳತ್ತೆ: "ಡೇಟಾ ಎಳೆಯೋದು ಸ್ಲೋ ಆಗ್ತಿದೆ, ವರ್ಕರ್ ಜಾಸ್ತಿ ಮಾಡು." ಎಂಟು ಕೋರ್ ಇರೋ ಲ್ಯಾಪ್‌ಟಾಪ್ ಇದ್ರೆ ಎಂಟು ವರ್ಕರ್, ಹದಿನಾರು ಇದ್ರೆ ಹದಿನಾರು. ಸ್ಪಾರ್ಕ್ ಬಳಸುವವರು `numPartitions` ಅನ್ನೋ ಜಾಗದಲ್ಲಿ 64 ಅಂತ ಬರೆದು ಹಾಯಾಗಿ ಟೀ ಕುಡಿಯಲು ಹೋಗ್ತಾರೆ. ಈ ಲೆಕ್ಕಾಚಾರವೇ ತಲೆಕೆಳಗು ಅನ್ನೋದು ನಮ್ಮ ಅಭಿಪ್ರಾಯ. ಎಷ್ಟು ವರ್ಕರ್ ಇರಬೇಕು ಅನ್ನೋದನ್ನ ಡೇಟಾ ಎಳೆಯುವ ಮಷಿನ್ ನಿರ್ಧರಿಸಬಾರದು. ಡೇಟಾ ಕೊಡುವ ಡೇಟಾಬೇಸ್ ನಿರ್ಧರಿಸಬೇಕು. ಯಾಕಂದ್ರೆ ಎಳೆಯೋ ಮಷಿನ್ ನಮ್ಮೊಬ್ಬರದು, ಆ ಡೇಟಾಬೇಸ್ ಮಾತ್ರ ಎಲ್ಲರದು.

ಉದಾಹರಣೆಗೆ ಒಂದು ಕಾಲೇಜಿನ ಲೈಬ್ರರಿ ಡೇಟಾಬೇಸ್ ಯೋಚನೆ ಮಾಡಿ. ಸೆಮಿಸ್ಟರ್ ಕೊನೆ, ನೋ ಡ್ಯೂಸ್‌ಗೆ ಕೌಂಟರ್ ಮುಂದೆ ಉದ್ದ ಕ್ಯೂ. ಅದೇ ಹೊತ್ತಿಗೆ ಯಾರೋ ಪ್ರಾಜೆಕ್ಟಿಗೆ ಅಂತ ಹತ್ತು ವರ್ಷದ ಇಶ್ಯೂ ರೆಕಾರ್ಡನ್ನೆಲ್ಲ 32 ಕನೆಕ್ಷನ್‌ನಲ್ಲಿ ಒಟ್ಟಿಗೆ ಎಳೀತಿದ್ದಾರೆ. ಅವರ ಸ್ಕ್ರೀನ್ ಮೇಲೆ ಪ್ರೋಗ್ರೆಸ್ ಬಾರ್ ಚೆನ್ನಾಗೇ ಓಡ್ತಿರತ್ತೆ. ಕೌಂಟರ್‌ನಲ್ಲಿ ಮಾತ್ರ ಒಂದೊಂದು ಸ್ಕ್ಯಾನ್‌ಗೂ ಗಡಿಯಾರ ತಿರುಗ್ತಾ ನಿಲ್ಲತ್ತೆ. ಸಂಜೆ ಆರು ಗಂಟೆಗೆ ಜಾಲಹಳ್ಳಿ ಕ್ರಾಸ್ ದಾಟುವವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಮ್ಮ ಗಾಡಿಗೆ ಎಷ್ಟೇ ಪಿಕಪ್ ಇರಲಿ, ರಸ್ತೆ ಇರೋದು ಇದ್ದಷ್ಟೇ.

ಹಾಗಂತ ಪ್ಯಾರಲಲ್ ಆಗಿ ಎಳೆಯೋದೇ ತಪ್ಪು ಅಂತ ನಾವು ಹೇಳ್ತಿಲ್ಲ. ದೊಡ್ಡ ಟೇಬಲ್‌ನ ಒಂದೇ ಕನೆಕ್ಷನ್‌ನಲ್ಲಿ ಓದಿದ್ರೆ ತುಂಬಾ ಹೊತ್ತು ಹಿಡಿಯತ್ತೆ, ಮಧ್ಯದಲ್ಲಿ ಕಟ್ ಆದ್ರೆ ಮೊದಲಿಂದ ಶುರು ಮಾಡಬೇಕು. ಅದಕ್ಕೇ ಟೇಬಲ್‌ನ ಪ್ರೈಮರಿ ಕೀ ಪ್ರಕಾರ ತುಂಡು ಮಾಡಿ, ಒಂದೊಂದು ತುಂಡನ್ನ ಒಬ್ಬೊಬ್ಬ ವರ್ಕರ್‌ಗೆ ಕೊಡುವ ಪದ್ಧತಿ ಬಂದಿದ್ದು. ತುಂಡು ಹೇಗೆ ಮಾಡ್ತೀವಿ, ಒಂದೇ ಸಲಕ್ಕೆ ಎಷ್ಟು ಜನ ಓದ್ತೀವಿ ಅನ್ನೋ ಎರಡು ಪ್ರಶ್ನೆಗಳನ್ನ ನಾವು ಒಂದೇ ಅಂದುಕೊಂಡುಬಿಡ್ತೀವಿ. ಎಡವೋದು ಅಲ್ಲೇ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಯುಎಸ್ಎನ್ ಪಾಠ

ಮೊದಲು ತುಂಡು ಮಾಡೋದು. ಸುಲಭದ ದಾರಿ ಏನು? ಕೀಯ ಅತಿ ಚಿಕ್ಕ ಬೆಲೆ ನೋಡು, ಅತಿ ದೊಡ್ಡ ಬೆಲೆ ನೋಡು, ಮಧ್ಯದ ಅಂತರವನ್ನ ವರ್ಕರ್‌ಗಳ ಸಂಖ್ಯೆಯಿಂದ ಭಾಗಿಸು. ಅಪಾಚೆ ಸ್ಕೂಪ್ ಅನ್ನೋ ಹಳೆಯ ಟೂಲ್ ಮಾಡ್ತಿದ್ದದ್ದೂ ಇದೇ. `--split-by` ಅಂತ ಒಂದು ಕಾಲಮ್ ಕೊಟ್ರೆ ಅದರ ಮಿನಿಮಮ್, ಮ್ಯಾಕ್ಸಿಮಮ್ ಕೇಳಿಕೊಂಡು, ಏನೂ ಹೇಳದಿದ್ದರೆ ನಾಲ್ಕು ಸಮಭಾಗ ಮಾಡತ್ತೆ. ಭಾಗವೇನೋ ಸಮ. ಕೆಲಸ ಸಮವಾಗಿ ಹಂಚಿಕೆ ಆಯ್ತಾ ಅನ್ನೋದು ಬೇರೆ ಪ್ರಶ್ನೆ.

ಇದು ಅರ್ಥವಾಗೋಕೆ ನಮ್ಮ ಯುಎಸ್ಎನ್‌ಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಒಂದು ಬ್ರಾಂಚಿನಲ್ಲಿ ರೆಗ್ಯುಲರ್ ಹುಡುಗ ಹುಡುಗಿಯರು 180 ಜನ ಅಂತ ಇಟ್ಟುಕೊಳ್ಳಿ. ಅವರ ಕೊನೆಯ ಮೂರು ಅಂಕಿ 001ರಿಂದ 180. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರ ನಂಬರ್ 400ರಿಂದ ಶುರು. ಅವರು 21 ಜನ, ಅಂದ್ರೆ 400ರಿಂದ 420. ಒಟ್ಟು 201 ಜನ. ಈಗ 1ರಿಂದ 420ರವರೆಗೆ ನಾಲ್ಕು ಸಮಭಾಗ ಮಾಡಿ, ಒಂದೊಂದಕ್ಕೆ 105 ನಂಬರ್. ಮೊದಲ ವರ್ಕರ್‌ಗೆ 1ರಿಂದ 105, ಅಲ್ಲಿ 105 ಜನ. ಎರಡನೆಯವನಿಗೆ 106ರಿಂದ 210, ಅಲ್ಲಿರೋದು 75 ಜನ. ಮೂರನೆಯವನಿಗೆ 211ರಿಂದ 315, ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಾಲ್ಕನೆಯವನಿಗೆ 316ರಿಂದ 420, ಅಲ್ಲಿ 21 ಜನ.

ಒಬ್ಬೊಬ್ಬರ ರೆಕಾರ್ಡ್ ಓದೋಕೆ ಒಂದು ಸೆಕೆಂಡ್ ಅಂತ ಲೆಕ್ಕ ಹಿಡಿಯಿರಿ. ಒಬ್ಬನೇ ಓದಿದ್ರೆ 201 ಸೆಕೆಂಡ್. ನಾಲ್ವರು ಸೇರಿದ್ರೆ ಸುಮಾರು 50 ಸೆಕೆಂಡಿಗೆ ಮುಗೀಬೇಕು ಅಂತ ನಾವು ಕಾಯ್ತಾ ಕೂತಿರ್ತೀವಿ. ಆದ್ರೆ ಮೊದಲ ವರ್ಕರ್ ಮುಗಿಸೋದೇ 105ನೇ ಸೆಕೆಂಡಿಗೆ. ನಾಲ್ಕು ಪಟ್ಟು ಅಂದುಕೊಂಡಿದ್ದ ವೇಗ ಎರಡು ಪಟ್ಟೂ ಆಗಲಿಲ್ಲ. ಇನ್ನೂರು ರೆಕಾರ್ಡಿಗೆ ಪ್ಯಾರಲಲ್ ಯಾಕೆ ಅಂತ ಕೇಳಬಹುದು, ನಿಜವಾಗಿ ಬೇಕಿಲ್ಲ. ಆದ್ರೆ ಎರಡು ಕೋಟಿ ರೋ ಇರೋ ಟೇಬಲ್‌ನಲ್ಲೂ ಅನುಪಾತ ಇದೇ. ಡಿಲೀಟ್ ಆದ ರೋಗಳು, ಹಳೆ ಸಿಸ್ಟಮ್‌ನಿಂದ ಹೊಸದಕ್ಕೆ ಬಂದಾಗ ಹಾರಿದ ನಂಬರ್‌ಗಳು, ಹೀಗೆ ಎಲ್ಲ ಕೀಗಳಲ್ಲೂ ಒಂದು 181ರಿಂದ 399 ಇದ್ದೇ ಇರತ್ತೆ.

ಇಂಥ ಹೊತ್ತಲ್ಲಿ ಮನಸ್ಸು ಹೇಳೋದು ಒಂದೇ: ವರ್ಕರ್ ಜಾಸ್ತಿ ಮಾಡು. ಅದು ಬೇಡ. ತುಂಡು ಜಾಸ್ತಿ ಮಾಡಿ, ವರ್ಕರ್ ಅಷ್ಟೇ ಇರಲಿ. ಅದೇ 420 ನಂಬರನ್ನ ಹತ್ತತ್ತರಂತೆ 42 ತುಂಡು ಮಾಡಿ ಒಂದು ಕ್ಯೂನಲ್ಲಿಡಿ. ನಾಲ್ವರು ವರ್ಕರ್‌ಗಳು ಕೈ ಖಾಲಿಯಾದ ಹಾಗೆ ಒಂದೊಂದೇ ತುಂಡು ತಗೊಳ್ಳಲಿ. 42ರಲ್ಲಿ 21 ತುಂಡು ಖಾಲಿ, ಕೀಗೆ ಇಂಡೆಕ್ಸ್ ಇರೋದ್ರಿಂದ ಅವು ಬಂದ ಕ್ಷಣವೇ ಮುಗಿಯತ್ತೆ. ಉಳಿದ 21 ತುಂಡು ನಾಲ್ವರಿಗೂ ಹೆಚ್ಚು ಕಡಿಮೆ ಐದೈದು ಬರತ್ತೆ. ಯಾರಿಗೂ 60 ಸೆಕೆಂಡಿಗಿಂತ ಹೆಚ್ಚು ಕೆಲಸ ಇಲ್ಲ. ಡೇಟಾಬೇಸ್ ಮೇಲೆ ಕನೆಕ್ಷನ್ ಆಗಲೂ ನಾಲ್ಕೇ, ಈಗಲೂ ನಾಲ್ಕೇ. ಇನ್ನೊಂದು ಲಾಭ: ಮಧ್ಯೆ ನೆಟ್ ಹೋದ್ರೆ ಹತ್ತು ನಂಬರಿನ ಒಂದು ತುಂಡನ್ನ ಮತ್ತೆ ಓದಿದ್ರೆ ಸಾಕು.

ತುಂಡು ಕತ್ತರಿಸುವಾಗ ಅಂಚಿನ ಬಗ್ಗೆ ಹುಷಾರು. `BETWEEN 1 AND 10`, ಆಮೇಲೆ `BETWEEN 10 AND 20` ಅಂತ ಬರೆದ್ರೆ ಹತ್ತನೇ ನಂಬರ್ ಎರಡು ಸಲ ಬರತ್ತೆ. ಯಾವಾಗಲೂ ಕೆಳ ಅಂಚು ಸೇರಿಸಿ, ಮೇಲಿನ ಅಂಚು ಬಿಡಿ. ಕೊನೇ ತುಂಡಿಗೆ ಮಾತ್ರ ಮ್ಯಾಕ್ಸಿಮಮ್‌ಗೆ ಒಂದು ಕೂಡಿಸಿ. ಸ್ಪಾರ್ಕ್‌ನವರಿಗೆ ಇನ್ನೊಂದು ಮಾತು. ಅಲ್ಲಿನ `lowerBound` ಮತ್ತು `upperBound` ಫಿಲ್ಟರ್ ಅಲ್ಲ. ಎಲ್ಲಿ ಕತ್ತರಿಸಬೇಕು ಅನ್ನೋ ಲೆಕ್ಕಕ್ಕೆ ಮಾತ್ರ ಅವು. ಮೇಲಿನ ಮಿತಿಗಿಂತ ದೊಡ್ಡ ಕೀ ಇರೋ ರೋಗಳೆಲ್ಲ ಕೊನೇ ಪಾರ್ಟಿಷನ್‌ಗೇ ಬಂದು ಬೀಳ್ತವೆ. ಹೋದ ವರ್ಷದ ಮ್ಯಾಕ್ಸಿಮಮ್ ಕೋಡ್‌ನಲ್ಲಿ ಹಾಗೇ ಉಳಿದಿದ್ರೆ, ಈ ವರ್ಷದ ಡೇಟಾ ಪೂರ್ತಿ ಒಬ್ಬನೇ ವರ್ಕರ್ ತಲೆ ಮೇಲೆ. ಎಲ್ಲ ಟಾಸ್ಕ್ ಮುಗಿದು ಒಂದೇ ಒಂದು ಗಂಟೆಗಟ್ಟಲೆ ಓಡ್ತಿದ್ರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಕನ್ನಡ ವಿಕಿಪೀಡಿಯದಲ್ಲೇ ನೋಡಬಹುದು

ಇದೆಲ್ಲ ಕಾಲ್ಪನಿಕ ಲೆಕ್ಕ ಅನ್ನಿಸಿದ್ರೆ, ನಿಜವಾದ ಒಂದು ಟೇಬಲ್ ಎಲ್ಲರಿಗೂ ತೆರೆದಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಡೇಟಾಬೇಸಿಗೆ ರೆಪ್ಲಿಕಾ ಇದೆ. ಕ್ವಾರಿ ಅನ್ನೋ ವೆಬ್ ಟೂಲ್‌ನಲ್ಲಿ ವಿಕಿ ಅಕೌಂಟ್‌ನಿಂದ ಲಾಗಿನ್ ಆಗಿ, ಡೇಟಾಬೇಸ್ ಹೆಸರು `knwiki_p` ಅಂತ ಕೊಟ್ಟು ಯಾರು ಬೇಕಾದ್ರೂ ಎಸ್‌ಕ್ಯುಎಲ್ ಓಡಿಸಬಹುದು. ಮೊದಲು ಇದನ್ನ ಓಡಿಸಿ:

```sql
SELECT MIN(page_id), MAX(page_id), COUNT(*)
FROM page;
```

ಮ್ಯಾಕ್ಸಿಮಮ್ ನಂಬರಿಗೂ ಕೌಂಟ್‌ಗೂ ಇರುವ ವ್ಯತ್ಯಾಸವೇ ಅಲ್ಲಿನ ಖಾಲಿ ಜಾಗ. ಪುಟ ಡಿಲೀಟ್ ಆದ್ರೆ ಈ ಟೇಬಲ್‌ನಿಂದ ಅದರ ರೋ ಹೋಗತ್ತೆ, ಆ ನಂಬರನ್ನ ಹೊಸ ಪುಟಕ್ಕೆ ಕೊಡೋದಿಲ್ಲ. ಖಾಲಿ ಎಲ್ಲಿದೆ ಅಂತ ತಿಳಿಯೋಕೆ ಎರಡನೇ ಕ್ವೆರಿ:

```sql
SELECT FLOOR(page_id / 10000) AS bucket, COUNT(*)
FROM page
GROUP BY bucket
ORDER BY bucket;
```

ಹತ್ತು ಸಾವಿರದ ಒಂದೊಂದು ಬುಟ್ಟಿಯಲ್ಲಿ ಎಷ್ಟು ಪುಟ ಉಳಿದಿದೆ ಅಂತ ಸಾಲಾಗಿ ಬರತ್ತೆ. ಎಲ್ಲ ಬುಟ್ಟಿ ಒಂದೇ ತೂಕ ಇದ್ರೆ ಸಮಭಾಗ ಸಾಕು. ತೂಕ ಏರುಪೇರಾಗಿದ್ರೆ ಚಿಕ್ಕ ತುಂಡು ಮತ್ತು ಕ್ಯೂ ಬೇಕು. ಒಂದು ಎಚ್ಚರಿಕೆ ಹೇಳಬೇಕು. ಈ ಎರಡನೇ ಕ್ವೆರಿ ಇಡೀ ಇಂಡೆಕ್ಸ್ ಓದತ್ತೆ. ಕನ್ನಡ ವಿಕಿಯಂಥ ಚಿಕ್ಕ ಟೇಬಲ್‌ಗೆ ಪರವಾಗಿಲ್ಲ, ಕೋಟಿಗಟ್ಟಲೆ ರೋ ಇರೋ ಕಡೆ ಇದೇ ಒಂದು ಭಾರ.

ವಿಕಿಮೀಡಿಯಾ ಫೌಂಡೇಶನ್‌ನವರೂ ತಮ್ಮ ಅಂಕಿ ಅಂಶಕ್ಕೆ ಎಲ್ಲ ಭಾಷೆಯ ವಿಕಿ ಟೇಬಲ್‌ಗಳನ್ನ ಸ್ಕೂಪ್ ಬಳಸಿ ತಿಂಗಳಿಗೊಮ್ಮೆ ಹಡೂಪ್‌ಗೆ ಎಳೆಯುವ ವ್ಯವಸ್ಥೆ ಮಾಡಿಕೊಂಡರು. ನಾವು ಅವರಿಂದ ಕಲಿಯಬೇಕಾದ್ದು ಟೂಲ್ ಅಲ್ಲ, ಸ್ಕೂಪ್ ಪ್ರಾಜೆಕ್ಟ್ 2021ರಲ್ಲೇ ನಿವೃತ್ತಿ ಆಯ್ತು. ಕಲಿಯಬೇಕಾದ್ದು ಅವರು ಎಲ್ಲಿಂದ ಎಳೀತಾರೆ ಅನ್ನೋದು. ಜನ ಲೇಖನ ತಿದ್ದುವಾಗ ಬರೆಯುವ ಮುಖ್ಯ ಡೇಟಾಬೇಸಿಗೆ ಅವರು ಕೈ ಹಾಕಲ್ಲ, ರೆಪ್ಲಿಕಾದಿಂದ ಎಳೀತಾರೆ. ಹೊರಗಿನ ಪ್ರೋಗ್ರಾಮ್‌ಗಳು ಎಪಿಐ ಮೂಲಕ ಬಂದಾಗ ರಿಕ್ವೆಸ್ಟ್‌ಗಳನ್ನ ಒಟ್ಟಿಗೆ ಕಳಿಸಬೇಡಿ, ಒಂದಾದ ಮೇಲೊಂದು ಕಳಿಸಿ ಅಂತ ಕೇಳ್ತಾರೆ. ಜೊತೆಗೆ `maxlag=5` ಅಂತ ಸೇರಿಸಿದ್ರೆ, ರೆಪ್ಲಿಕಾಗಳು ಐದು ಸೆಕೆಂಡಿಗಿಂತ ಹಿಂದೆ ಬಿದ್ದಿರುವಾಗ ಸರ್ವರ್ ಕೆಲಸ ಮಾಡದೆ "ಆಮೇಲೆ ಬಾ" ಅಂತ ವಾಪಸ್ ಕಳಿಸತ್ತೆ. ಬ್ರೇಕ್ ಯಾರ ಕಾಲ ಕೆಳಗಿದೆ ನೋಡಿ. ಎಳೆಯುವವನ ಹತ್ರ ಅಲ್ಲ, ಕೊಡುವವನ ಹತ್ರ.

ಬ್ರೇಕ್ ಹಾಕೋದು ಹೇಗೆ

ನಮ್ಮ ಪ್ರಾಜೆಕ್ಟ್ ಡೇಟಾಬೇಸ್‌ಗಳಿಗೆ `maxlag` ಇರಲ್ಲ. ಆದ್ರಿಂದ ಬ್ರೇಕನ್ನ ನಾವೇ ಕಟ್ಟಬೇಕು. ಅದಕ್ಕೂ ಮುಂಚೆ ಡೇಟಾಬೇಸಿಗೆ ನೋವಾಗೋದು ಎಲ್ಲಿ ಅಂತ ಗೊತ್ತಿರಬೇಕು. ಎರಡು ಜಾಗ ಮುಖ್ಯ.

ಒಂದು ಕನೆಕ್ಷನ್. ಸೆಟ್ಟಿಂಗ್ ಬದಲಿಸದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ 100, ಮೈಎಸ್‌ಕ್ಯುಎಲ್‌ನಲ್ಲಿ 151 ಕನೆಕ್ಷನ್ ಮಿತಿ. ನಾವು 64 ತಗೊಂಡ್ರೆ ಉಳಿದವರಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಮಿತಿ ಮುಗಿದ ಮೇಲೆ ಬಂದವರಿಗೆ ಸ್ಲೋ ಆಗೋದಿಲ್ಲ, ಸೀದಾ ಎರರ್ ಬರತ್ತೆ.

ಇನ್ನೊಂದು ಡಿಸ್ಕ್ ಮತ್ತು ಮೆಮೊರಿ. ಡೇಟಾಬೇಸ್ ದಿನಾ ಬೇಕಾಗುವ ಪುಟಗಳನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರತ್ತೆ. ನಾವು ಹತ್ತು ವರ್ಷದ ಹಳೆ ರೋಗಳನ್ನ ಓದುವಾಗ ಅವೆಲ್ಲ ಡಿಸ್ಕ್‌ನಿಂದ ಬರಬೇಕು, ಬಂದು ಮೆಮೊರಿಯಲ್ಲಿ ಜಾಗ ಕೇಳ್ತವೆ. ಇದರಿಂದ ಬೇಕಾದ ಪುಟಗಳು ಹೊರಗೆ ಹೋಗದ ಹಾಗೆ ಡೇಟಾಬೇಸ್‌ಗಳಲ್ಲಿ ಸ್ವಲ್ಪ ಉಪಾಯ ಇದೆ. ಆದ್ರೆ ಡಿಸ್ಕ್ ಮುಂದಿನ ಕ್ಯೂಗೆ ಉಪಾಯ ಇಲ್ಲ. ಕೌಂಟರಿನ ಚಿಕ್ಕ ಕ್ವೆರಿಯೂ ಅದೇ ಕ್ಯೂನಲ್ಲಿ ನಿಲ್ಲಬೇಕು.

ಹಾಗಾದ್ರೆ ಎಷ್ಟು ವರ್ಕರ್? ಊಹೆ ಬೇಡ, ಅಳತೆ ಮಾಡಿ. ಅಳೆಯಬೇಕಾದ್ದು ಎರಡೇ. ಒಂದು, ಎಲ್ಲ ವರ್ಕರ್ ಸೇರಿ ಸೆಕೆಂಡಿಗೆ ಎಷ್ಟು ರೋ ಬರ್ತಿದೆ. ಎರಡು, ಬೇರೆಯವರು ದಿನಾ ಮಾಡುವಂಥ ಒಂದು ಚಿಕ್ಕ ಕ್ವೆರಿ, ಉದಾಹರಣೆಗೆ ಒಂದು ಪುಸ್ತಕದ ಸ್ಟೇಟಸ್ ನೋಡೋದು, ಎಷ್ಟು ಮಿಲಿಸೆಕೆಂಡ್ ತಗೊಳ್ತಿದೆ. ಎಳೆಯೋಕೆ ಮುಂಚೆ ಖಾಲಿ ಹೊತ್ತಲ್ಲೂ ಕೆಲಸದ ಹೊತ್ತಲ್ಲೂ ಈ ಎರಡನೇ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಒಬ್ಬ ವರ್ಕರ್‌ನಿಂದ ಶುರು ಮಾಡಿ, ಕೆಲವು ನಿಮಿಷ ಬಿಟ್ಟು ಎರಡು, ಆಮೇಲೆ ಮೂರು. ಒಬ್ಬನಿಂದ ಇಬ್ಬರಾದಾಗ ಒಟ್ಟು ವೇಗ ಹತ್ತಿರ ಹತ್ತಿರ ದುಪ್ಪಟ್ಟಾಗತ್ತೆ. ಒಂದು ಹಂತದಲ್ಲಿ ವರ್ಕರ್ ಹೆಚ್ಚಿಸಿದ್ರೂ ಒಟ್ಟು ವೇಗ ಅಲ್ಲೇ ನಿಲ್ಲತ್ತೆ, ಚಿಕ್ಕ ಕ್ವೆರಿಯ ಟೈಮ್ ಮಾತ್ರ ಏರತ್ತೆ. ಅಂದ್ರೆ ಹೊಸ ವರ್ಕರ್ ಕೆಲಸ ಮಾಡ್ತಿಲ್ಲ, ಕ್ಯೂನಲ್ಲಿ ನಿಂತಿದ್ದಾನೆ, ಹಿಂದಿನವರನ್ನೂ ನಿಲ್ಲಿಸಿದ್ದಾನೆ. ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ಅದೇ ನಿಮ್ಮ ಸಂಖ್ಯೆ. ಅದು ಮೂರು ಇರಬಹುದು, ಆರು ಇರಬಹುದು. ಅದಕ್ಕೂ ನಿಮ್ಮ ಲ್ಯಾಪ್‌ಟಾಪಿನ ಕೋರ್‌ಗೂ ಸಂಬಂಧ ಇಲ್ಲ.

ಆದ್ರೆ ಬೆಳಗ್ಗೆ ಅಳೆದದ್ದು ಮಧ್ಯಾಹ್ನಕ್ಕೆ ನಿಜವಾಗಿರಲ್ಲ. ಆದ್ದರಿಂದ ಅದೇ ಚಿಕ್ಕ ಕ್ವೆರಿಯನ್ನ ವರ್ಕರ್ ಒಳಗೇ ಇಡಬೇಕು:

```python
def worker(q):
    while True:
        lo, hi = q.get()
        while probe_ms() > LIMIT:
            time.sleep(5)
        t = time.monotonic()
        copy_range(lo, hi)
        time.sleep(time.monotonic() - t)
        q.task_done()
```

ಇಲ್ಲಿ ನಡೆಯೋದು ಸರಳ. ಪ್ರತಿ ತುಂಡಿಗೂ ಮುಂಚೆ ಚಿಕ್ಕ ಕ್ವೆರಿ ಓಡಿಸಿ ನೋಡತ್ತೆ. ಮಿತಿ ಮೀರಿದ್ರೆ ಐದು ಸೆಕೆಂಡ್ ಸುಮ್ನಿರತ್ತೆ. ತುಂಡು ಓದಿದ ಮೇಲೆ ಓದೋಕೆ ಎಷ್ಟು ಹೊತ್ತಾಯ್ತೋ ಅಷ್ಟೇ ಹೊತ್ತು ವಿಶ್ರಾಂತಿ. ಡೇಟಾಬೇಸ್ ನಿಧಾನವಾದ್ರೆ ಓದೋ ಟೈಮ್ ಹೆಚ್ಚಾಗತ್ತೆ, ವಿಶ್ರಾಂತಿಯೂ ತಾನಾಗೇ ಹೆಚ್ಚಾಗತ್ತೆ. ಈ ಬ್ರೇಕ್ ಕೆಲಸ ಮಾಡಬೇಕಾದ್ರೆ ತುಂಡು ಚಿಕ್ಕದಿರಲೇಬೇಕು. ಅರ್ಧ ಗಂಟೆ ಓಡುವ ಕ್ವೆರಿಯ ಮಧ್ಯದಲ್ಲಿ ಬ್ರೇಕ್ ಒತ್ತೋಕೆ ಆಗಲ್ಲ. ಮೈಎಸ್‌ಕ್ಯುಎಲ್ ಜಗತ್ತಿನಲ್ಲಿ ಹೆಸರಾದ `pt-online-schema-change` ಅನ್ನೋ ಟೂಲ್ ಸೆಟ್ಟಿಂಗ್ ಬದಲಿಸದಿದ್ದರೆ ತುಂಡಿನ ಗಾತ್ರವನ್ನ ರೋ ಲೆಕ್ಕಕ್ಕಿಂತ ಟೈಮ್ ಲೆಕ್ಕದಲ್ಲಿ ಹಿಡಿಯತ್ತೆ. ಒಂದು ತುಂಡು ಅರ್ಧ ಸೆಕೆಂಡಿಗೆ ಮುಗಿಯುವ ಹಾಗೆ ಗಾತ್ರವನ್ನ ತಾನೇ ಹಿಗ್ಗಿಸಿ ಕುಗ್ಗಿಸಿಕೊಳ್ಳತ್ತೆ. ಒಂದೇ ಸಲಕ್ಕೆ ಓಡ್ತಿರುವ ಥ್ರೆಡ್ 25 ದಾಟಿದ್ರೆ ತಾನು ನಿಂತುಬಿಡತ್ತೆ. ದೊಡ್ಡ ಪ್ರೊಡಕ್ಷನ್ ಡೇಟಾಬೇಸ್‌ಗೆ ಮಾಡಿದ ಟೂಲೇ ಇಷ್ಟು ಸಂಕೋಚದಿಂದ ನಡೆಯುವಾಗ ನಮ್ಮ ಮಿನಿ ಪ್ರಾಜೆಕ್ಟಿಗೆ ಅಷ್ಟು ಧಿಮಾಕು ಯಾಕೆ?

ಇದಕ್ಕೆ ಕೊಡಬೇಕಾದ ಬೆಲೆ

ನಮ್ಮ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನ ಮುಚ್ಚಿಡಬಾರದು. ನಿಧಾನವಾಗಿ, ಚಿಕ್ಕ ಚಿಕ್ಕ ತುಂಡಾಗಿ ಎಳೆದ್ರೆ ಮೊದಲ ತುಂಡಿಗೂ ಕೊನೆಯ ತುಂಡಿಗೂ ಮೂರು ಗಂಟೆ ಅಂತರ ಬರಬಹುದು. ಅಷ್ಟರಲ್ಲಿ ಯಾರೋ ಪುಸ್ತಕ ವಾಪಸ್ ಕೊಟ್ಟಿರ್ತಾರೆ. ಸ್ಟೂಡೆಂಟ್ ಟೇಬಲ್‌ನಲ್ಲಿ ಆತನ ಹೆಸರಲ್ಲಿ ಎರಡು ಪುಸ್ತಕ, ಇಶ್ಯೂ ಟೇಬಲ್‌ನಲ್ಲಿ ಒಂದೇ. ನಮ್ಮ ಕಾಪಿ ಯಾವ ಕ್ಷಣದ ನಿಜವೂ ಅಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಔಷಧಿ ಇದೆ. ಒಂದು ಕನೆಕ್ಷನ್ `pg_export_snapshot()` ಅಂತ ಕರೆದು ಒಂದು ಹೆಸರು ಪಡೀತದೆ. ಉಳಿದ ವರ್ಕರ್‌ಗಳು ಅದೇ ಸ್ನ್ಯಾಪ್‌ಶಾಟ್ ಹಾಕಿಕೊಂಡ್ರೆ ಎಲ್ಲರಿಗೂ ಒಂದೇ ಕ್ಷಣದ ಡೇಟಾ ಕಾಣತ್ತೆ. `pg_dump -j` ಹಲವು ಕನೆಕ್ಷನ್‌ನಲ್ಲಿ ಡಂಪ್ ತೆಗೆಯುವಾಗ ಮಾಡೋದೂ ಇದನ್ನೇ. ಆದ್ರೆ ಈ ಔಷಧಿಗೂ ಸೈಡ್ ಎಫೆಕ್ಟ್ ಇದೆ. ಸ್ನ್ಯಾಪ್‌ಶಾಟ್ ತೆರೆದಿರುವಷ್ಟು ಹೊತ್ತು ಆಮೇಲೆ ಬದಲಾದ ರೋಗಳ ಹಳೆ ಆವೃತ್ತಿಯನ್ನ ವ್ಯಾಕ್ಯೂಮ್ ಗುಡಿಸೋ ಹಾಗಿಲ್ಲ. ಕಸ ಬೆಳೀತಾ ಹೋಗತ್ತೆ. ಅಂದ್ರೆ ಡೇಟಾಬೇಸಿಗೆ ಭಾರ ಆಗದಿರಲಿ ಅಂತ ನಿಧಾನ ಮಾಡಿದ್ದೇ ಇನ್ನೊಂದು ರೀತಿಯ ಭಾರ ಆಗತ್ತೆ.

ಇಲ್ಲಿ ಒಂದೇ ಉತ್ತರ ಇಲ್ಲ, ಕೆಲಸ ನೋಡಿ ಆರಿಸಬೇಕು. ದುಡ್ಡಿನ ಲೆಕ್ಕ, ಮಾರ್ಕ್ಸ್ ಲೆಕ್ಕ ಆದ್ರೆ ಸ್ನ್ಯಾಪ್‌ಶಾಟ್ ಬೇಕೇ ಬೇಕು. ಅದನ್ನ ರಾತ್ರಿ ಹೊತ್ತಲ್ಲಿ, ಬೇಗ ಮುಗಿಯುವ ಹಾಗೆ ಮಾಡಿ. ಯಾವ ವಿಷಯದ ಪುಸ್ತಕ ಜಾಸ್ತಿ ಓದ್ತಾರೆ ಅನ್ನುವಂಥ ಪ್ರಾಜೆಕ್ಟ್ ಆದ್ರೆ ಮೂರು ಗಂಟೆ ವ್ಯತ್ಯಾಸದಿಂದ ಮುಳುಗೋದು ಏನಿಲ್ಲ. ಶುರುವಿನಲ್ಲೇ ಮ್ಯಾಕ್ಸಿಮಮ್ ಕೀಯನ್ನ ಒಂದು ಸಲ ಓದಿ ಅಲ್ಲಿಗೇ ಮಿತಿ ಹಾಕಿ, ಹೊಸದಾಗಿ ಬಂದದ್ದನ್ನ ಮುಂದಿನ ಸಲಕ್ಕೆ ಬಿಡಿ. ಕೊನೆಗೆ ಪ್ರತಿ ತುಂಡಿನ ಕೌಂಟನ್ನ ಮೂಲದ ಕೌಂಟ್ ಜೊತೆ ಹೋಲಿಸಿ. ಒಟ್ಟು ಕೌಂಟ್ ಮಾತ್ರ ಹೋಲಿಸಿದ್ರೆ ಒಂದು ಕಡೆ ತಪ್ಪಿದ್ದು, ಇನ್ನೊಂದು ಕಡೆ ಎರಡು ಸಲ ಬಂದದ್ದು ಸರಿದೂಗಿ ತಪ್ಪೇ ಕಾಣಲ್ಲ. ಮತ್ತೆ, ಎಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ: ಇದರ ಡಂಪ್ ಈಗಾಗಲೇ ಎಲ್ಲಾದರೂ ಇದೆಯಾ? ಕನ್ನಡ ವಿಕಿಪೀಡಿಯದ ಪೂರ್ತಿ ಡಂಪ್ ಡೌನ್‌ಲೋಡಿಗೆ ಸಿಗತ್ತೆ. ಅದಿರುವಾಗ ಎಪಿಐಗೆ ಲಕ್ಷ ರಿಕ್ವೆಸ್ಟ್ ಹೊಡೆಯೋದು ಬಾವಿ ಪಕ್ಕದಲ್ಲಿದ್ದು ಟ್ಯಾಂಕರ್ ಕರೆಸಿದ ಹಾಗೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ "ಇಷ್ಟು ವರ್ಕರ್ ಬಳಸಿ ಇಷ್ಟು ನಿಮಿಷದಲ್ಲಿ ಎಳೆದೆವು" ಅಂತ ಬರೀತೀವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಇರಲಿ: ನಾವು ಎಳೆಯುವ ಮುಂಚೆ ಚಿಕ್ಕ ಕ್ವೆರಿಗೆ ಎಷ್ಟು ಮಿಲಿಸೆಕೆಂಡ್ ಆಗ್ತಿತ್ತು, ಎಳೆಯುವಾಗ ಎಷ್ಟಾಯ್ತು. ವೈವಾದಲ್ಲಿ ಗೈಡ್‌ಗಳೂ ಈ ಎರಡನೇ ಸಾಲನ್ನ ಕೇಳಲಿ. ಮೊದಲ ಸಾಲು ನಮಗೆ ಎಷ್ಟು ಸಿಕ್ಕಿತು ಅಂತ ಹೇಳತ್ತೆ, ಕೌಂಟರ್‌ನಲ್ಲಿ ನಿಂತವರು ಎಷ್ಟು ಕಾದರು ಅನ್ನೋದು ಎರಡನೇ ಸಾಲಿನಲ್ಲಿ ಮಾತ್ರ ಗೊತ್ತಾಗತ್ತೆ.